ಚಿಲ್ಲರ್ ಕೈಕೊಟ್ಟರೆ ಏನಾಗುತ್ತದೆ? ಟೆಸ್ಟ್ ಮಾಡಿ, ವರದಿ ಬರೆಯುವುದು ಹೀಗೆ

ಕಟ್ಟಡವನ್ನು ತಂಪಾಗಿಡುವ ತಣ್ಣೀರು ಪ್ಲಾಂಟನ್ನು ಬಳಕೆಗೆ ಕೊಡುವ ಮುನ್ನ ಟೆಸ್ಟ್ ಮಾಡಿ ಬರೆಯುವ ಕಮಿಷನಿಂಗ್ ವರದಿಯಲ್ಲಿ ನಾನು ಮೊದಲು ಹುಡುಕುವ ಪುಟ ಒಂದೇ: ನೀರನ್ನು ತಣ್ಣಗೆ ಮಾಡುವ ಯಂತ್ರ, ಅಂದರೆ ಓಡುತ್ತಿರುವ ಚಿಲ್ಲರ್, ಕೆಟ್ಟಾಗ ಸ್ಟ್ಯಾಂಡ್‌ಬೈ ಚಿಲ್ಲರ್ ತಾನಾಗಿಯೇ ಶುರುವಾಯಿತಾ? ಎರಡು ಚಿಲ್ಲರ್, ಪ್ರತಿಯೊಂದಕ್ಕೂ ಒಂದು ಪಂಪ್ ಮತ್ತು ಒಂದು ಮೋಟರ್ ವಾಲ್ವ್ ಇರುವ ಪ್ಲಾಂಟನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಏನಾಗಬೇಕು ಎಂದು ಟೆಸ್ಟಿಗೆ ಮೊದಲೇ ಬರೆದಿಡಿ. ಇಲ್ಲಿ ಎರಡನೇ ಚಿಲ್ಲರ್ 5 ನಿಮಿಷದೊಳಗೆ ಶುರುವಾಗಬೇಕು, ಹೊರಡುವ ನೀರು 7 ಡಿಗ್ರಿಯಿಂದ 10 ದಾಟಬಾರದು. ಟೆಸ್ಟಿನ ಹೊತ್ತಿಗೆ ಕಟ್ಟಡದ ಕೂಲಿಂಗ್ ಲೋಡ್ ಎಷ್ಟಿತ್ತು ಅನ್ನುವುದನ್ನೂ ಬರೆಯಿರಿ. ಲೋಡೇ ಇಲ್ಲದ ದಿನ ಟೆಸ್ಟ್ ಪಾಸಾದರೆ ಅದರಿಂದ ಜಾಸ್ತಿ ಏನೂ ತಿಳಿಯುವುದಿಲ್ಲ. ಟ್ರೆಂಡ್ ದಾಖಲೆಯನ್ನು 5 ಸೆಕೆಂಡಿಗೊಮ್ಮೆ ಇಡಿ. 5 ನಿಮಿಷಕ್ಕೊಮ್ಮೆ ಇಟ್ಟರೆ ಮುಂದೆ ಹೇಳುವ ತಪ್ಪು ಕಣ್ಣಿಗೇ ಬೀಳದು.

ಈಗ ಮೊದಲ ಚಿಲ್ಲರನ್ನು ನಿಲ್ಲಿಸಿ. ಆದರೆ ಕಂಪ್ಯೂಟರಿನಿಂದ ಸ್ಟಾಪ್ ಕೊಡಬೇಡಿ, ಅದು ಮಾಮೂಲಿ ನಿಲುಗಡೆ. ನಮಗೆ ಬೇಕಿರುವುದು ಕೆಟ್ಟು ನಿಂತ ಸ್ಥಿತಿ. ಹಾಗಾಗಿ ತಯಾರಕರ ಒಪ್ಪಿಗೆ ಪಡೆದು ಫಾಲ್ಟ್ ಬರಿಸಬೇಕು.

ನಮ್ಮ ಉದಾಹರಣೆಯಲ್ಲಿ ನಡೆದದ್ದು ಇದು. 10ನೇ ಸೆಕೆಂಡಿಗೆ ಎರಡನೇ ವಾಲ್ವಿಗೂ ಪಂಪಿಗೂ ಒಟ್ಟಿಗೇ ಆದೇಶ ಹೋಯಿತು. ನೀರು ಹರಿಯುತ್ತಿದೆ ಎಂದು ಖಾತ್ರಿಯಾಗಲು ಚಿಲ್ಲರ್ ಕಾಯುವುದು 30 ಸೆಕೆಂಡ್. ವಾಲ್ವ್ ಪೂರ್ತಿ ತೆರೆಯಲು ಬೇಕಾದದ್ದು 90 ಸೆಕೆಂಡ್. 40ನೇ ಸೆಕೆಂಡಿಗೆ ವಾಲ್ವ್ ಅರ್ಧವೂ ತೆರೆದಿರಲಿಲ್ಲ. ನೀರು ಸಾಲದೆ ಚಿಲ್ಲರ್ ಲಾಕ್ ಆಯಿತು. ಆಮೇಲೆ ವಾಲ್ವ್ ತೆರೆದುಕೊಂಡಿತು, ಪಂಪ್ ಚೆನ್ನಾಗಿಯೇ ಓಡಿತು. ಆದರೆ ಯಾರಾದರೂ ಹೋಗಿ ರೀಸೆಟ್ ಮಾಡುವವರೆಗೆ ಚಿಲ್ಲರ್ ಏಳುವುದಿಲ್ಲ. 12 ನಿಮಿಷಕ್ಕೆ ನೀರು 11 ಡಿಗ್ರಿಗೆ ಬಂತು.

ಇದನ್ನು ‘ಚಿಲ್ಲರ್ ಶುರುವಾಗಲಿಲ್ಲ’ ಎಂದು ಸುಮ್ನೆ ಒಂದು ಸಾಲಿನಲ್ಲಿ ಮುಗಿಸಿದರೆ ಚಿಲ್ಲರಿನವರು ಪಂಪಿನವರನ್ನು ತೋರಿಸುತ್ತಾರೆ, ಪಂಪಿನವರು ಕಂಟ್ರೋಲ್‌ನವರನ್ನು. ಸೆಕೆಂಡುಗಳ ಲೆಕ್ಕ ಬರೆದರೆ ಕಾರಣ ತಾನಾಗಿ ಕಾಣುತ್ತದೆ, ಅಲ್ವಾ? ಯಂತ್ರ ಯಾವುದೂ ಕೆಟ್ಟಿಲ್ಲ, ಆದೇಶಗಳ ಕ್ರಮ ತಪ್ಪಾಗಿದೆ.

ಸರಿಪಡಿಸುವ ಕ್ರಮವೂ ಅಷ್ಟೇ ಖಚಿತವಾಗಿರಲಿ: ಮೊದಲು ವಾಲ್ವ್ ತೆರೆಯಬೇಕು. ಪೂರ್ತಿ ತೆರೆದಿದೆ ಎಂದು ಅದರ ಎಂಡ್ ಸ್ವಿಚ್ ಹೇಳಿದ ಮೇಲೆಯೇ ಪಂಪ್. 30 ಸೆಕೆಂಡಿನ ಎಣಿಕೆ ಪಂಪ್ ಶುರುವಾದ ಮೇಲೆ. ಇದನ್ನು ಕಂಟ್ರೋಲ್ ಗುತ್ತಿಗೆದಾರರ ಹೆಸರಿನಲ್ಲಿ, ದಿನಾಂಕ ಹಾಕಿ ಬರೆಯಿರಿ. ನೀರು ಹರಿಯುತ್ತಿದೆಯೇ ಎಂದು ಚಿಲ್ಲರಿಗೆ ಹೇಳುವ ಫ್ಲೋ ಸ್ವಿಚ್ಚಿಗೆ ವೈರ್ ಜಂಪರ್ ಹಾಕಿ, ಹರಿಯದಿದ್ದರೂ ಹರಿಯುತ್ತಿದೆ ಎಂದು ತೋರಿಸಿ ಟೆಸ್ಟ್ ಪಾಸು ಮಾಡಿಸುವವರೂ ಇದ್ದಾರೆ. ದಯವಿಟ್ಟು ಒಪ್ಪಬೇಡಿ. ನೀರು ನಿಂತಾಗ ಚಿಲ್ಲರ್ ಓಡಿದರೆ ನೀರು ತಣ್ಣಗಾಗುವ ಭಾಗವಾದ ಎವಾಪೊರೇಟರ್ ಒಳಗಿನ ನೀರು ಹೆಪ್ಪುಗಟ್ಟಿ ಟ್ಯೂಬ್ ಒಡೆಯಬಹುದು.

ಮರುಟೆಸ್ಟಿನಲ್ಲಿ ಚಿಲ್ಲರ್ 4ನೇ ನಿಮಿಷಕ್ಕೆ ಶುರುವಾಯಿತು, ನೀರು 9 ಡಿಗ್ರಿ ದಾಟಲಿಲ್ಲ. ಆದರೂ ಕಡತ ಮುಚ್ಚಬೇಡಿ. ಎರಡನೆಯದನ್ನು ಓಡಿಸಿ, ಅದನ್ನು ಕೆಡಿಸಿ, ಮೊದಲನೆಯದು ಏಳುತ್ತದೆಯೇ ನೋಡಿ. ಪ್ರೋಗ್ರಾಮ್ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆಯುವುದು ಆಗಾಗ ನಡೆಯುತ್ತದೆ. ಮೊದಲ ಟೆಸ್ಟಿನ ‘ಫೇಲ್’ ಸಾಲನ್ನು ಅಳಿಸದೆ, ಮರುಟೆಸ್ಟಿನ ಫಲಿತಾಂಶವನ್ನು ಅದರ ಕೆಳಗೇ ಸೇರಿಸಿ.