65 ಕೆಜಿ ಗುರಿ ಬಿಟ್ಟು ಕ್ಯಾಲೆಂಡರ್‌ಗೆ ಟಿಕ್ ಹಾಕತೊಡಗಿದ ಮೇಲೆ

ಎರಡು ವರ್ಷ ನನಗೆ ಇದ್ದದ್ದು ಒಂದೇ ಗುರಿ. 76 ಕೆಜಿಯಿಂದ 65ಕ್ಕೆ ಇಳಿಯಬೇಕು. ದಿನಾ ಬೆಳಿಗ್ಗೆ ತೂಕ ನೋಡುತ್ತಿದ್ದೆ. ಒಮ್ಮೆ ಮೂರು ವಾರ ಕಷ್ಟಪಟ್ಟು 74.8ಕ್ಕೆ ಬಂದಿದ್ದೆ. ಆ ಭಾನುವಾರ ನೆಂಟರ ಮದುವೆ. ಹೋಳಿಗೆ, ಹಪ್ಪಳ, ಉಪ್ಪಿನಕಾಯಿ ಎಲ್ಲ ತಿಂದೆ. ಸೋಮವಾರ ನೋಡಿದರೆ 76.1! ಅಳು ಬಂತು. ಅವತ್ತು ಬಿಟ್ಟ ವಾಕಿಂಗ್ ಒಂದು ತಿಂಗಳು ಮತ್ತೆ ಶುರುವಾಗಲಿಲ್ಲ.

ಲೆಕ್ಕ ಹಾಕಿದ್ದು ತುಂಬಾ ತಡವಾಗಿ. ಒಂದು ಕೆಜಿ ಕೊಬ್ಬು ಸೇರಬೇಕಾದರೆ ಸುಮಾರು 7,700 ಕ್ಯಾಲೊರಿ ಜಾಸ್ತಿ ತಿನ್ನಬೇಕು. ಹಾಗಾದರೆ 1.3 ಕೆಜಿಗೆ 10,000. ಒಂದು ಮದುವೆ ಊಟದಲ್ಲಿ ಅಷ್ಟು ಆಗುವುದಿಲ್ಲ. ಏರಿದ್ದರಲ್ಲಿ ಹೆಚ್ಚಿನದು ನೀರು. ಉಪ್ಪು ಜಾಸ್ತಿಯಾದರೆ ದೇಹ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮುಟ್ಟಿಗೆ ಮುಂಚೆಯೂ ಹಾಗೇ ಆಗುತ್ತದೆ. ಎರಡು ಮೂರು ದಿನದಲ್ಲಿ ತಾನಾಗೇ ಇಳಿದರೆ ಅದು ನೀರೇ ಅಂತ ತಿಳಿಯಬಹುದು.

ಆಮೇಲೆ ಗುರಿಯನ್ನೇ ಬದಲಾಯಿಸಿದೆ. ಮೊದಲು "ರಾತ್ರಿ ಕಡಿಮೆ ತಿನ್ನುವುದು" ಅಂತ ಬರೆದಿದ್ದೆ. ಮಲಗುವಾಗ ಟಿಕ್ ಹಾಕಲೋ ಬೇಡವೋ ಗೊತ್ತಾಗುತ್ತಿರಲಿಲ್ಲ. ಕಡಿಮೆ ಅಂದರೆ ಎಷ್ಟು, ಅಲ್ವಾ? ಅದನ್ನು ಹೀಗೆ ತಿದ್ದಿದೆ: ಮೊದಲು ಒಂದು ಬಟ್ಟಲು ಪಲ್ಯ ಅಥವಾ ಕೋಸಂಬರಿ, ಆಮೇಲೆ ಒಂದೇ ಸೌಟು ಅನ್ನ. ಎರಡನೆಯದು, ತಟ್ಟೆ ತೊಳೆದಿಟ್ಟ ಕೂಡಲೇ 20 ನಿಮಿಷ ನಡಿಗೆ. ತಟ್ಟೆ ತೊಳೆಯುವುದು ಹೇಗೂ ತಪ್ಪುವುದಿಲ್ಲ, ಹಾಗಾಗಿ ನಡಿಗೆಯೂ ನೆನಪಾಗುತ್ತಿತ್ತು.

ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಟಿಕ್ ಹಾಕುತ್ತಾ ಹೋದೆ. ವಾರದಲ್ಲಿ ಐದು ದಿನ ಆದರೆ ಸಾಕು. ಏಳೂ ದಿನ ಅಂತ ಇಟ್ಟಿದ್ದರೆ ಮದುವೆ, ಹಬ್ಬ ಬಂದಾಗ ಮತ್ತೆ ಸೋತೆ ಅನಿಸುತ್ತಿತ್ತು. ಸತತ ಎರಡು ವಾರ ಐದಕ್ಕಿಂತ ಕಡಿಮೆ ಬಿದ್ದರೆ ಅಭ್ಯಾಸವನ್ನೇ ತಿದ್ದುತ್ತಿದ್ದೆ, ನನ್ನನ್ನು ಬೈದುಕೊಳ್ಳುತ್ತಿರಲಿಲ್ಲ. ಜುಲೈ ಮಳೆಯಲ್ಲಿ ನಡಿಗೆ ಮೂರು ದಿನಕ್ಕೆ ಇಳಿಯಿತು. ಆಗ ಅದನ್ನು ಮನೆಯೊಳಗೇ 10 ನಿಮಿಷ ಮಾಡಿದೆ.

ತೂಕ ನೋಡುವುದನ್ನು ಪೂರ್ತಿ ಬಿಡಲಿಲ್ಲ. ತಿಂಗಳಿಗೊಮ್ಮೆ, ಮುಟ್ಟು ಮುಗಿದ ಮೇಲೆ ನೋಡುತ್ತೇನೆ. ಇದು ಬೇಕೇ ಬೇಕು. ಯಾಕೆಂದರೆ ಮೊದಲ ಎರಡು ತಿಂಗಳು ಟಿಕ್ ಚೆನ್ನಾಗಿದ್ದರೂ ತೂಕ ಅಲ್ಲೇ ಇತ್ತು, ಸೊಂಟದ ಅಳತೆಯೂ ಬದಲಾಗಿರಲಿಲ್ಲ. ನಾನು ಆರಿಸಿದ ಅಭ್ಯಾಸಗಳು ಸಾಲುತ್ತಿಲ್ಲ ಅಂತ ಆಗ ಗೊತ್ತಾಯಿತು. ಹುಡುಕಿದಾಗ ಸಿಕ್ಕಿದ್ದು ಸಂಜೆ ಟೀ ಜೊತೆಯ ಚಕ್ಕುಲಿ, ಬಿಸ್ಕತ್ತು. ಅದರ ಬದಲು ಒಂದು ಹಣ್ಣು ಅನ್ನುವುದು ಮೂರನೇ ಟಿಕ್ ಆಯಿತು. ಮುಂದಿನ ಆರು ತಿಂಗಳಲ್ಲಿ 71.4ಕ್ಕೆ ಬಂದೆ. ಮೊನ್ನೆ ಗೃಹಪ್ರವೇಶದ ಊಟ ಮುಗಿಸಿ ಬಂದ ಮರುದಿನವೂ ತಟ್ಟೆ ತೊಳೆದಿಟ್ಟು ನಡೆಯಲು ಹೊರಟೆ.