ಐದು ಗೆರೆ, ಐದು ಬಾಲ: ತಾಜ್ ಬಾಗಿಲಿನ ಬರಹ ಓದಿದ ನನ್ನ ಅನುಭವ

ಬೀದರಿನಲ್ಲಿ ಬೆಳೆದವರಿಗೆ ಉರ್ದು ಬೋರ್ಡು ಓದೋದು ಏನೂ ಕಷ್ಟ ಅಲ್ಲ. ನಾನೂ ಓದುತ್ತಿದ್ದೆ. ಅಚ್ಚಾದ ಅರಬ್ಬಿ ಪುಸ್ತಕವನ್ನೂ ಅಕ್ಷರ ಕೂಡಿಸಿ ಓದಬಲ್ಲೆ. ಆದರೂ ಆಗ್ರಾಕ್ಕೆ ಹೋಗಿ ತಾಜ್‌ಮಹಲಿನ ದೊಡ್ಡ ಬಾಗಿಲ ಮುಂದೆ ನಿಂತಾಗ ಒಂದೇ ಒಂದು ಪದ ಓದಲಾಗಲಿಲ್ಲ. ಬಿಳಿ ಅಮೃತಶಿಲೆಯಲ್ಲಿ ಕಪ್ಪು ಕಲ್ಲು ಕೂಡಿಸಿ ಬರೆದ ಪಟ್ಟಿ ಕಮಾನಿನ ಸುತ್ತ ಮೂರು ಬದಿಗೂ ಹಬ್ಬಿತ್ತು. ಅದು ನನಗೆ ಬಳ್ಳಿಯಂತೆ ಕಂಡಿತು, ಬರಹದಂತೆ ಕಾಣಲಿಲ್ಲ.

ಊರಿಗೆ ಬಂದ ಮೇಲೆ ಬರವಣಿಗೆ ಕಲಿಸುವ ನಮ್ಮ ಉಸ್ತಾದರಿಗೆ ಫೋಟೋ ತೋರಿಸಿದೆ. ಅವರು ನೋಡಿ ನಕ್ಕರು. "ಇದು ಸುಲುಸ್ ಅಪ್ಪಾ. ನೀನು ನಸ್ಖ್ ಕಣ್ಣಲ್ಲಿ ನೋಡ್ತಿದ್ದೀಯ. ಓದಬೇಡ, ಮೊದಲು ಎಣಿಸು" ಅಂದರು.

ಅವರ ಮಾತು ಅರ್ಥವಾಗೋದಕ್ಕೆ ಕೈಯಲ್ಲಿ ಕಲಮು ಹಿಡಿಯಬೇಕಾಯಿತು. ನಸ್ಖ್ ಅಂದರೆ ನಕಲು ಮಾಡೋದು. ಪುಸ್ತಕ ನಕಲು ಮಾಡಲು ಹೇಳಿಮಾಡಿಸಿದ ಬರವಣಿಗೆ ಅದು. ಕಲಮಿನ ತುದಿ ಸುಮಾರು ಒಂದು ಮಿಲಿಮೀಟರ್ ಅಗಲ. ಅಕ್ಷರಗಳು ಒಂದೇ ಗೆರೆಯ ಮೇಲೆ ಸಾಲಾಗಿ ಕೂರುತ್ತವೆ, ಒಂದಾದ ಮೇಲೆ ಒಂದು, ಬಸ್ಸಿಗೆ ಕ್ಯೂ ನಿಂತ ಹಾಗೆ. ಚುಕ್ಕಿ ತನ್ನ ಅಕ್ಷರದ ಹತ್ತಿರವೇ ಇರುತ್ತದೆ. ಹಾಗಾಗಿ ಬಲದಿಂದ ಎಡಕ್ಕೆ ಕಣ್ಣು ಓಡಿಸಿದರೆ ಸಾಕು.

ಸುಲುಸ್ ಅನ್ನೋದು ಇನ್ನೊಂದು ಬಗೆಯ ಬರವಣಿಗೆ. ಅದಕ್ಕೆ ಅರಬ್ಬಿಯಲ್ಲಿ ಥುಲುಥ್ ಅನ್ನುತ್ತಾರೆ, ಮೂರನೇ ಒಂದು ಭಾಗ ಅಂತ ಅರ್ಥ. ಕಲಮು ಎರಡು ಮೂರು ಮಿಲಿಮೀಟರ್ ಅಗಲ. ಎರಡೂ ಬರವಣಿಗೆಯಲ್ಲಿ ಅಳತೆಗೋಲು ಚುಕ್ಕಿಯೇ. ಕಲಮನ್ನು ಓರೆಯಾಗಿ ಒತ್ತಿದರೆ ಬೀಳುವ ವಜ್ರಾಕಾರದ ಚುಕ್ಕಿ ಅದು. ಹತ್ತನೇ ಶತಮಾನದಲ್ಲಿ ಬಾಗ್ದಾದಿನ ವಜೀರ ಇಬ್ನ್ ಮುಕ್ಲ ಈ ಲೆಕ್ಕಕ್ಕೆ ಹೆಸರಾದವನು. ನಸ್ಖ್‌ನ ನೆಟ್ಟಗೆ ನಿಲ್ಲುವ ಅಲಿಫ್ ಅಕ್ಷರ ಸುಮಾರು ಐದು ಚುಕ್ಕಿ ಎತ್ತರ, ಸುಲುಸ್‌ನದು ಏಳು. ಸುಲುಸ್ ಅಲಿಫ್‌ನ ತಲೆಯಲ್ಲಿ ಬಲಕ್ಕೆ ಒಂದು ಕೊಕ್ಕೆಯೂ ಇರುತ್ತದೆ. ಎರಡು ಚುಕ್ಕಿ ಜಾಸ್ತಿ ಅಷ್ಟೇ ತಾನೇ ಅನ್ನಿಸಬಹುದು. ಬರೆದು ನೋಡಿದರೆ ಗೊತ್ತಾಗುತ್ತದೆ, ಆ ಎತ್ತರದಿಂದ ಸಾಲಿನ ಮೇಲೆ ಬೇಕಾದಷ್ಟು ಖಾಲಿ ಜಾಗ ಹುಟ್ಟುತ್ತದೆ. ಆ ಜಾಗ ತುಂಬೋದಕ್ಕೆ ಪದದ ಮೇಲೆ ಪದ ಏರಿಸುತ್ತಾರೆ. ಚುಕ್ಕಿಯನ್ನು ಜಾಗ ಸಿಕ್ಕ ಕಡೆ ಜರುಗಿಸುತ್ತಾರೆ. ಕೊನೆಯಲ್ಲಿ ಬರುವ 'ಯಾ' ಅಕ್ಷರದ ಬಾಲವನ್ನು ಎಡಕ್ಕೆ ಬಿಡದೆ ಹಿಂದಕ್ಕೆ, ಬಲಕ್ಕೆ, ಉದ್ದ ಗೆರೆಯಾಗಿ ಎಳೆಯುತ್ತಾರೆ. ನಾನು ಬಳ್ಳಿ ಅಂದುಕೊಂಡಿದ್ದು ಇಂಥ ಬಾಲಗಳನ್ನೇ.

ಇನ್ನು ತಾಜ್ ಬಾಗಿಲಿಗೆ ಬರೋಣ. ಬರೆದವನು ಷಿರಾಜಿನಿಂದ ಬಂದ ಅಬ್ದುಲ್ ಹಖ್. ಷಾಜಹಾನ್ ಅವನಿಗೆ ಅಮಾನತ್ ಖಾನ್ ಅನ್ನುವ ಬಿರುದು ಕೊಟ್ಟಿದ್ದ. ಬಾಗಿಲಿನ ದಕ್ಷಿಣದ ಮುಖದಲ್ಲಿ, ಅಂದರೆ ನಾವು ಒಳಗೆ ಹೋಗುವಾಗ ಕಾಣುವ ಕಡೆ, ಕುರಾನಿನ 89ನೇ ಅಧ್ಯಾಯ ಅಲ್-ಫಜ್ರ್ ಇದೆ. ಇದು ಮೊದಲೇ ಗೊತ್ತಿರಬೇಕು. ಸುಲುಸ್ ಶಾಸನವನ್ನು ಏನೂ ಗೊತ್ತಿಲ್ಲದೆ ಓದೋದು ಪಳಗಿದವರಿಗೂ ಕಷ್ಟ. ಯಾವ ಪಾಠ ಇರಬಹುದು ಅಂತ ಊಹಿಸಿ, ಅದು ಅಲ್ಲಿ ಕೂರುತ್ತದಾ ಅಂತ ತಾಳೆ ನೋಡೋದೇ ನಿಜವಾದ ಕೆಲಸ. ಮೋಸ ಅನ್ನಿಸಿತ್ತು ನನಗೆ. ಈಗ ಅನ್ನಿಸಲ್ಲ.

ಪಟ್ಟಿ ಬಲಗಡೆ ಕೆಳಗಿನಿಂದ ಶುರುವಾಗಿ ಮೇಲೇರುತ್ತದೆ, ಕಮಾನಿನ ಮೇಲೆ ಅಡ್ಡ ಹೋಗುತ್ತದೆ, ಎಡಗಡೆ ಇಳಿದು ಮುಗಿಯುತ್ತದೆ. ಅಕ್ಷರಗಳ ತಲೆ ಯಾವಾಗಲೂ ಹೊರಗಡೆಗೆ. ಅಂದರೆ ಎಡಗಡೆಯ ಪಟ್ಟಿಯಲ್ಲಿ ಅಕ್ಷರಗಳೆಲ್ಲ ಎಡಕ್ಕೆ ತಲೆ ಹಾಕಿ ಮಲಗಿರುತ್ತವೆ. ಫೋಟೋವನ್ನು ಗಡಿಯಾರದ ಮುಳ್ಳು ತಿರುಗುವ ಕಡೆಗೆ ಕಾಲು ಸುತ್ತು ತಿರುಗಿಸಿದೆ. ಆಗ ಮಲಗಿದ್ದವು ಎದ್ದು ನಿಂತವು. ಇಷ್ಟು ದಿನ ಕತ್ತು ವಾಲಿಸಿಕೊಂಡು ನೋಡಿದ್ದು ಸುಮ್ನೆ!

ಅಧ್ಯಾಯದ ಕೊನೆ ಎಡಗಡೆ ಕೆಳಗೆ ಬರಬೇಕು. ಕೊನೆಯ ಎರಡು ಸಾಲು ಹೀಗಿವೆ: ಫದ್‌ಖುಲೀ ಫೀ ಇಬಾದೀ, ವದ್‌ಖುಲೀ ಜನ್ನತೀ. ನನ್ನ ಸೇವಕರ ಜೊತೆ ಸೇರು, ನನ್ನ ಸ್ವರ್ಗದೊಳಗೆ ಬಾ ಅಂತ ಅರ್ಥ. ಬಾಗಿಲಿಗೆ ಇದಕ್ಕಿಂತ ಒಪ್ಪುವ ಮಾತು ಬೇರೆ ಇಲ್ಲ ಅಲ್ವಾ?

ಮೊದಲು ಇದನ್ನು ನಸ್ಖ್‌ನಲ್ಲಿ ಹಾಳೆಯ ಮೇಲೆ ಬರೆದುಕೊಂಡು ಎಣಿಸಿದೆ. ನೆಟ್ಟಗೆ ನಿಲ್ಲುವ ಗೆರೆಗಳು ಎಷ್ಟು? 'ಫದ್‌ಖುಲೀ'ಯಲ್ಲಿ ಒಂದು ಅಲಿಫ್, ಒಂದು ಲಾಮ್ ಅಂದರೆ 'ಲ' ಅಕ್ಷರ. ಇಲ್ಲೇ ನಾನು ಮೊದಲು ಎಡವಿದ್ದು. ಆ ಅಲಿಫ್ ಬಾಯಲ್ಲಿ ಬರಲ್ಲ, ಬರಹದಲ್ಲಿ ಮಾತ್ರ ಇರುತ್ತದೆ. ಉಚ್ಚಾರಣೆ ನಂಬಿ ಎಣಿಸಿದರೆ ಲೆಕ್ಕ ತಪ್ಪುತ್ತದೆ. 'ಫೀ'ಯಲ್ಲಿ ನೆಟ್ಟಗೆರೆ ಇಲ್ಲ. 'ಇಬಾದೀ'ಯಲ್ಲಿ ಒಂದು ಅಲಿಫ್. 'ವದ್‌ಖುಲೀ'ಯಲ್ಲಿ ಮತ್ತೆ ಅಲಿಫ್, ಲಾಮ್. 'ಜನ್ನತೀ'ಯಲ್ಲಿ ಇಲ್ಲ. ಒಟ್ಟು ಐದು. ಕೊನೆಯ 'ಯಾ' ಎಷ್ಟು? ಐದು ಪದಕ್ಕೂ ಒಂದೊಂದು, ಅದೂ ಐದು.

ಆಮೇಲೆ ಫೋಟೋದ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು, ಪಟ್ಟಿಯ ತುದಿಯಿಂದ ಹಿಂದಕ್ಕೆ ಬರುತ್ತಾ ನೆಟ್ಟಗೆರೆಗಳನ್ನು ಮಾತ್ರ ಕೆಂಪು ಪೆನ್ಸಿಲಿನಲ್ಲಿ ಎಳೆದೆ. ಬಾಲಗಳನ್ನು ನೀಲಿಯಲ್ಲಿ. ಉಳಿದದ್ದೆಲ್ಲ ಬಿಟ್ಟೆ. ಕೆಂಪು ಗೆರೆಗಳು ಬೇಲಿಯ ಗೂಟದಂತೆ ನಿಂತ ಮೇಲೆ ನಡುವಿನ ಅಕ್ಷರ ಹುಡುಕೋದು ಸುಲಭವಾಯಿತು. ದಾಲ್, ಖಾ, ಲಾಮ್ ಮೂರೂ ಅದೇ ಸರದಿಯಲ್ಲಿ ಎರಡು ಸಲ ಬರಬೇಕು. ಎರಡನೆಯದು ಸಿಕ್ಕಿದಾಗ ಓದು ಸರಿ ಅಂತ ಖಾತ್ರಿಯಾಯಿತು. ಒಂದು ಸಲ ಹೊಂದಿದರೆ ಆಕಸ್ಮಿಕ ಇರಬಹುದು, ಎರಡು ಸಲ ಹಾಗಾಗೋದು ಅಪರೂಪ.

ಚುಕ್ಕಿಯನ್ನು ಕೊನೆಗೆ ನೋಡಬೇಕು. ಫಾ, ಖಾ, ಬಾ, ಜೀಮ್, ನೂನ್‌ಗೆ ಒಂದೊಂದು, 'ತಾ'ಗೆ ಎರಡು ಅಂತ ಹಿಡಿದರೆ ಈ ಎರಡು ಸಾಲಿಗೆ ಒಂಬತ್ತು ಬರಬೇಕು. ಇರಾನಿನಲ್ಲೂ ನಮ್ಮ ದೇಶದಲ್ಲೂ ಕೊನೆಯ 'ಯಾ'ಗೆ ಚುಕ್ಕಿ ಇಡೋದು ಕಡಿಮೆ, ಅದಕ್ಕೇ ಅದನ್ನು ಎಣಿಸಲಿಲ್ಲ. ಚುಕ್ಕಿ ಅಕ್ಷರದಿಂದ ದೂರ ಇದ್ದರೂ ಒಟ್ಟು ಲೆಕ್ಕ ಹೊಂದಬೇಕು. ಹೊಂದದಿದ್ದರೆ ಎಲ್ಲೋ ಪದದ ಅಂಚು ತಪ್ಪು ಹಿಡಿದಿದ್ದೀರಿ ಅಂತ.

ಇನ್ನೊಂದು ಕಡೆ ನಾನು ಚೆನ್ನಾಗಿ ಮೋಸಹೋದೆ. ಹಳೇ ತುರ್ಕಿ ಫಲಕವೊಂದರ ಫೋಟೋದಲ್ಲಿ ಒಂದು ಅಕ್ಷರದ ಕೆಳಗೆ ಪುಟ್ಟದಾಗಿ 'ಹಾ' ಬರೆದಿತ್ತು. ಅದನ್ನೂ ಪದಕ್ಕೆ ಸೇರಿಸಿ ಓದಲು ಎರಡು ಸಂಜೆ ಹೆಣಗಿದೆ. ಉಸ್ತಾದರು ಹೇಳಿದರು: "ಅದು ಅಕ್ಷರ ಅಲ್ಲ, ಗುರುತು. ಮೇಲಿನ 'ಹಾ'ಗೆ ಚುಕ್ಕಿ ಇಲ್ಲ, ಮರೆತಿಲ್ಲ ಅಂತ ಹೇಳೋದಕ್ಕೆ ಅದರ ಮರಿಯನ್ನು ಕೆಳಗೆ ಇಡ್ತಾರೆ." ಸೀನ್ ಮೇಲೆ ಹಕ್ಕಿಯಂತೆ ಕೂರುವ ಚಿಕ್ಕ ಗುರುತೂ ಇದೇ ಜಾತಿ. ಇಂಥವನ್ನೂ ಸ್ವರದ ಗುರುತುಗಳನ್ನೂ ತೆಳು ಕಲಮಿನಲ್ಲಿ ಬರೆದಿರುತ್ತಾರೆ. ಗೆರೆಯ ದಪ್ಪ ನೋಡಿ ಜರಡಿ ಹಿಡಿದರೆ ಅರ್ಧ ಗೊಂದಲ ಹೋಗುತ್ತದೆ.

ಪದ ಮೇಲೆ ಕೆಳಗೆ ಪೇರಿಸಿದ್ದರೆ ಸಾಮಾನ್ಯವಾಗಿ ಕೆಳಗಿನದನ್ನು ಮೊದಲು ಓದುತ್ತೇನೆ. ಇದು ಕಟ್ಟುನಿಟ್ಟಿನ ನಿಯಮ ಅಲ್ಲ. ಅಂದಕ್ಕೆ ಬೇಕಾದರೆ ಅವರು ಹಿಂದುಮುಂದು ಮಾಡುತ್ತಾರೆ.

ಈ ವಿದ್ಯೆ ಹಿಡಿದುಕೊಂಡು ನಮ್ಮೂರಿನ ಮಹಮೂದ್ ಗವಾನ್ ಮದರಸಾಕ್ಕೆ ಹೋದೆ. 1472ರ ಕಟ್ಟಡ. ಮುಂಭಾಗದ ಮೇಲಿನ ಅಂಚಿನಲ್ಲಿ ಬಣ್ಣದ ಹೆಂಚುಗಳ ಬರಹ ಇದೆ, ಎಷ್ಟೋ ಕಡೆ ಹೆಂಚು ಉದುರಿಹೋಗಿದೆ. ಅಲ್ಲಿ ಎಣಿಕೆ ನಡೆಯಲ್ಲ, ಬಿದ್ದ ಹೆಂಚಿನಲ್ಲಿ ಎಷ್ಟು ಗೂಟ ಇದ್ದವೋ ಯಾರಿಗೆ ಗೊತ್ತು! ಸದ್ಯಕ್ಕೆ ಹೆಂಚು ಪೂರ್ತಿ ಉಳಿದಿರುವ ತುಣುಕುಗಳನ್ನು ಮಾತ್ರ ಒಂದೊಂದಾಗಿ ಟ್ರೇಸ್ ಮಾಡುತ್ತಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಮುಂಚೆ ಹೋಗುತ್ತೇನೆ, ಆಮೇಲೆ ಬಿಸಿಲಿಗೆ ಹೆಂಚು ಹೊಳೆದು ಫೋಟೋದಲ್ಲಿ ಏನೂ ಕಾಣಲ್ಲ.