ಜನ್ಮಸೂರ್ಯನ ಮೇಲೆ ಪ್ಲೂಟೊ: ಎರಡು ವರ್ಷದ ಗೋಚಾರವನ್ನು ನಾನು ಓದಿದ ರೀತಿ

ಜಾತಕ ಹಿಡಿದು ಬರುವವರಲ್ಲಿ ಈಚೆಗೆ ಹೊಸದೊಂದು ಭಯ ಕಾಣುತ್ತಿದೆ. ಮೊದಲು ಕೇಳುತ್ತಿದ್ದದ್ದು ಸಾಡೇಸಾತಿಯ ಬಗ್ಗೆ ಮಾತ್ರ. ಈಗ ಮೊಬೈಲ್ ಆ್ಯಪ್‌ಗಳ ಕೃಪೆಯಿಂದ ಯುರೇನಸ್, ನೆಪ್ಚೂನ್, ಪ್ಲೂಟೊಗಳೂ ಸೇರಿಕೊಂಡಿವೆ. ಈ ಮೂರೂ ನಮ್ಮ ಹಳೆಯ ಜ್ಯೋತಿಷ ಗ್ರಂಥಗಳಲ್ಲಿ ಇಲ್ಲ, ಇರಲು ಸಾಧ್ಯವೂ ಇರಲಿಲ್ಲ. ಯುರೇನಸ್ ಪತ್ತೆಯಾದದ್ದು 1781ರಲ್ಲಿ, ನೆಪ್ಚೂನ್ 1846ರಲ್ಲಿ, ಪ್ಲೂಟೊ 1930ರಲ್ಲಿ. ಇವುಗಳಿಗೆ ಹೇಳುವ ಫಲವೆಲ್ಲ ಪಾಶ್ಚಾತ್ಯ ಜ್ಯೋತಿಷಿಗಳು ಆಮೇಲೆ ಕಟ್ಟಿದ್ದು. ಹಾಗಾಗಿ ನಾನು ಈ ಗ್ರಹಗಳ ಮಟ್ಟಿಗೆ ಗಣಿತವನ್ನು ಗಟ್ಟಿಯಾಗಿಯೂ ಫಲವನ್ನು ಸಡಿಲವಾಗಿಯೂ ಹಿಡಿಯುತ್ತೇನೆ. ಹೇಗೆಂಬುದನ್ನು ಒಂದೇ ಜಾತಕದಿಂದ ವಿವರಿಸುತ್ತೇನೆ.

ನಮ್ಮ ಬಂಧುಗಳಲ್ಲಿ ಒಬ್ಬರು, ನಾನು ಅಕ್ಕ ಎಂದೇ ಕರೆಯುವವರು, ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಹುಟ್ಟಿದ್ದು 1975ರ ಜನವರಿ 20, ರಾತ್ರಿ ಹತ್ತು ಗಂಟೆಯ ಆಸುಪಾಸು. ರಾಶಿಚಕ್ರವನ್ನು ವಿಷುವಬಿಂದುವಿನಿಂದ ಅಳೆಯುವ ಸಾಯನ ಲೆಕ್ಕದಲ್ಲಿ ಅವರ ಸೂರ್ಯ ಮಕರ ಮುಗಿದು ಕುಂಭ ಆರಂಭವಾಗುವ ಗಡಿಯಲ್ಲೇ, ಅಂದರೆ ಕುಂಭದ 0 ಅಂಶದಲ್ಲಿ ನಿಂತಿದ್ದಾನೆ. 2023ರ ಆರಂಭದಲ್ಲಿ ಅವರ ಆ್ಯಪ್ ಒಂದು ಸೂಚನೆ ಕಳಿಸಿತ್ತು: ಪ್ಲೂಟೊ ನಿಮ್ಮ ಸೂರ್ಯನ ಮೇಲೆ ಬರುತ್ತಿದ್ದಾನೆ, ಎರಡು ವರ್ಷ ಅಧಿಕಾರನಾಶದ ಕಾಲ, ಎಚ್ಚರ. ಸೂಚನೆ ಅಷ್ಟಕ್ಕೇ ಮುಗಿದಿತ್ತು. ಯಾವ ದಿನ, ಎಷ್ಟು ಹತ್ತಿರ, ನಡುವೆ ಬಿಡುವು ಉಂಟೇ ಎಂಬುದು ಅದರಲ್ಲಿ ಇರಲಿಲ್ಲ.

ಹೀಗೆ ಯಾರಾದರೂ ಬಂದಾಗ ನಾನು ಮೊದಲು ಮಾಡುವ ಕೆಲಸ ಗ್ರಹಸ್ಫುಟದ, ಅಂದರೆ ಯಾವ ದಿನ ಗ್ರಹ ಎಲ್ಲಿದೆ ಎಂಬುದರ ಪಟ್ಟಿ ತೆಗೆಯುವುದು. ಸ್ವಿಸ್ ಎಫೆಮೆರಿಸ್ ಜೊತೆ ಬರುವ ಪುಟ್ಟ ತಂತ್ರಾಂಶ ಅದಕ್ಕೆ ಸಾಕು. ಪ್ಲೂಟೊವಿಗೆ ಅದರಲ್ಲಿ 9ನೆಯ ಸಂಖ್ಯೆ. ಹತ್ತು ದಿನಕ್ಕೊಂದರಂತೆ ಎರಡು ವರ್ಷಗಳ ಸ್ಥಾನ ಬೇಕಾದರೆ ಹೀಗೆ ಕೇಳಬೇಕು:

```
swetest -p9 -b1.1.2023 -n75 -s10 -fTZ
```

ಕೊನೆಯಲ್ಲಿ `-sid1` ಎಂದು ಸೇರಿಸಿದರೆ ಅದೇ ಪಟ್ಟಿ ಲಾಹಿರಿ ಅಯನಾಂಶದ ನಿರಯಣ ಸ್ಥಾನಗಳಲ್ಲಿ, ಅಂದರೆ ನಕ್ಷತ್ರಗಳನ್ನು ಆಧರಿಸಿದ ಲೆಕ್ಕದಲ್ಲಿ ಬರುತ್ತದೆ; ಸಾಯನ ನಿರಯಣಗಳ ನಡುವಿನ ಅಂತರವೇ ಅಯನಾಂಶ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ, ಅಲ್ಲೊಂದು ಸ್ವಾರಸ್ಯವಿದೆ.

ಪಟ್ಟಿ ನೋಡಿದರೆ ಪ್ಲೂಟೊ ಕುಂಭದ 0 ಅಂಶವನ್ನು ಒಂದು ಬಾರಿಯಲ್ಲ, ಐದು ಬಾರಿ ಮುಟ್ಟಿದ್ದಾನೆ: 2023ರ ಮಾರ್ಚ್ 23, ಅದೇ ವರ್ಷ ಜೂನ್ 11, 2024ರ ಜನವರಿ 21, ಸೆಪ್ಟೆಂಬರ್ 2 ಮತ್ತು ನವೆಂಬರ್ 20. ಮುಂದೆ ಹೋಗುತ್ತ ಮೂರು ಬಾರಿ, ವಕ್ರಿಯಾಗಿ ಹಿಂದೆ ಬರುತ್ತ ಎರಡು ಬಾರಿ. ಹೊರಗಿನ ಗ್ರಹಗಳು ಎಲ್ಲರಿಗೂ ಮೂರು ಬಾರಿ ತಾಗುತ್ತವೆ ಎಂದು ಬಾಯಿಪಾಠ ಹೇಳುವವರು ಇಂಥ ಜಾತಕದಲ್ಲಿ ತಬ್ಬಿಬ್ಬಾಗುತ್ತಾರೆ.

ಐದು ಯಾಕೆ ಎಂಬುದಕ್ಕೆ ಕಾರಣ ಸರಳ. ಭೂಮಿ ತನ್ನ ಒಳಸುತ್ತಿನಲ್ಲಿ ಪ್ಲೂಟೊವನ್ನು ಹಿಂದೆ ಹಾಕುವಾಗಲೆಲ್ಲ ಅವನು ಹಿಮ್ಮುಖವಾಗಿ ಚಲಿಸುವಂತೆ ಕಾಣುತ್ತಾನೆ. ಇದು ಪ್ರತಿ ವರ್ಷವೂ ಐದು ತಿಂಗಳಿಗಿಂತ ತುಸು ಹೆಚ್ಚು ಕಾಲ ನಡೆಯುತ್ತದೆ. ಒಂದು ಅಂಶಕ್ಕೆ 60 ಕಲೆ. 2023ರಲ್ಲಿ ಅವನು ಮೇ ಆರಂಭದಲ್ಲಿ ಕುಂಭದ 0 ಅಂಶ 21 ಕಲೆಯಲ್ಲಿ ನಿಂತು, ಅಕ್ಟೋಬರ್ ಹೊತ್ತಿಗೆ ಮಕರದ 27 ಅಂಶ 53 ಕಲೆಯವರೆಗೆ ಹಿಂದೆ ಸರಿದ. ಮರುವರ್ಷ ಕುಂಭದ 2 ಅಂಶ 6 ಕಲೆಯಿಂದ ಮಕರದ 29 ಅಂಶ 38 ಕಲೆಯವರೆಗೆ. ಅಂದರೆ ಹಿಂದೆ ಸರಿಯುವುದು ಸುಮಾರು ಎರಡೂವರೆ ಅಂಶ, ವರ್ಷದ ನಿವ್ವಳ ಮುನ್ನಡೆ ಒಂದೂಮುಕ್ಕಾಲು ಅಂಶ. ಹಿಂದೆ ಬರುವ ಹಾದಿ ಮುನ್ನಡೆಗಿಂತ ಉದ್ದವಾದ್ದರಿಂದ ಎರಡು ವರ್ಷಗಳ ವಕ್ರಗತಿ ಒಂದು ಪಟ್ಟಿಯಷ್ಟು ಜಾಗದಲ್ಲಿ ಒಂದರ ಮೇಲೊಂದು ಬರುತ್ತದೆ. ಇಲ್ಲಿ ಆ ಪಟ್ಟಿ ಮಕರದ 29 ಅಂಶ 38 ಕಲೆಯಿಂದ ಕುಂಭದ 0 ಅಂಶ 21 ಕಲೆಯವರೆಗೆ, ಒಟ್ಟು 43 ಕಲೆ ಮಾತ್ರ. ಅದರೊಳಗೆ ಜನ್ಮಗ್ರಹವಿದ್ದವರಿಗೆ ಐದು ಸ್ಪರ್ಶ, ಪಟ್ಟಿಯ ಆಚೀಚೆ ಇದ್ದವರಿಗೆ ಮೂರು. ನೆಪ್ಚೂನ್‌ಗೂ ಇದೇ ನ್ಯಾಯ. ಶನಿಯ ಕಥೆ ತಿರುಗುಮುರುಗು: ವರ್ಷಕ್ಕೆ ಸುಮಾರು 12 ಅಂಶ ಮುಂದೆ ಹೋಗುತ್ತಾನೆ, ವಕ್ರದಲ್ಲಿ ಹಿಂದೆ ಬರುವುದು ಏಳರ ಒಳಗೆ. ಆದ್ದರಿಂದ ಶನಿ ಎಷ್ಟೋ ಅಂಶಗಳನ್ನು ಒಂದೇ ಬಾರಿ ದಾಟಿ, ಎರಡು ಮೂರು ವಾರಗಳಲ್ಲಿ ಹೊರಟುಹೋಗುತ್ತಾನೆ.

ಇನ್ನು ಆ್ಯಪ್ ಹೇಳಿದ ‘ಎರಡು ವರ್ಷ’. ಹೊರಗ್ರಹಗಳಿಗೆ ನಾನು ಜನ್ಮಬಿಂದುವಿನ ಆಚೀಚೆ ಒಂದೊಂದು ಅಂಶಕ್ಕಿಂತ ಹೆಚ್ಚಿನ ವ್ಯಾಪ್ತಿ ಕೊಡುವುದಿಲ್ಲ. ಮೂರು, ಐದು ಅಂಶ ಕೊಡುವವರಿದ್ದಾರೆ. ಆದರೆ ವರ್ಷಕ್ಕೆ ಎರಡು ಅಂಶವನ್ನೂ ದಾಟದ ಗ್ರಹಕ್ಕೆ ಐದು ಅಂಶ ಬಿಟ್ಟುಕೊಟ್ಟರೆ ಆ ಗೋಚಾರ ಆರೇಳು ವರ್ಷ ಎಳೆಯುತ್ತದೆ, ಅಷ್ಟರಲ್ಲಿ ಯಾರ ಬದುಕಿನಲ್ಲೂ ಏನಾದರೂ ಆಗಿಯೇ ಆಗುತ್ತದೆ. ಒಂದು ಅಂಶದ ಲೆಕ್ಕದಲ್ಲಿ ಅಕ್ಕನ ಗೋಚಾರ 2023ರ ಫೆಬ್ರವರಿಯಲ್ಲಿ ಶುರುವಾಗಿ 2024ರ ಡಿಸೆಂಬರ್ ಕೊನೆಗೆ ಮುಗಿಯಿತು. ತಲೆಬಾಲ ಹಿಡಿದು ಅಳೆದರೆ ಸುಮಾರು 22 ತಿಂಗಳು, ಆ್ಯಪ್ ಹೇಳಿದ್ದು ಸುಳ್ಳಲ್ಲ. ಆದರೆ 2023ರ ಜುಲೈ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ ಪ್ಲೂಟೊ ಆ ವ್ಯಾಪ್ತಿಯಲ್ಲೇ ಇರಲಿಲ್ಲ. 2024ರ ಫೆಬ್ರವರಿ ಕೊನೆಯ ವಾರದಿಂದ ಜುಲೈ ನಡುವಿನವರೆಗೂ ಇರಲಿಲ್ಲ. ಎರಡೂ ಸೇರಿ ಹತ್ತಿರ ಹತ್ತು ತಿಂಗಳ ಬಿಡುವು. ಇದನ್ನು ಕಾಗದದ ಮೇಲೆ ಒಂದು ಗೆರೆ ಎಳೆದು, ವ್ಯಾಪ್ತಿಯೊಳಗಿನ ತಿಂಗಳುಗಳನ್ನು ಗಾಢವಾಗಿ, ಬಿಡುವನ್ನು ಖಾಲಿ ಬಿಟ್ಟು ತೋರಿಸಿದಾಗ ಅಕ್ಕ ಮೊದಲ ಬಾರಿಗೆ ಕುರ್ಚಿಗೆ ಒರಗಿ ಕೂತರು.

ಸ್ವಾರಸ್ಯ ಎಂದೆನಲ್ಲ, ಅದು ಅಯನಾಂಶದ್ದು. ಸಾಯನವಾದರೇನು ನಿರಯಣವಾದರೇನು, ಜನ್ಮಸ್ಥಾನವನ್ನೂ ಗೋಚಾರವನ್ನೂ ಒಂದೇ ಪದ್ಧತಿಯಲ್ಲಿ ಅಳೆದರೆ ದಿನಾಂಕ ಒಂದೇ ಬರಬೇಕಲ್ಲ ಎಂದು ಬಹಳ ಮಂದಿ ಭಾವಿಸುತ್ತಾರೆ. ವೇಗದ ಗ್ರಹಗಳಿಗೆ ಹೆಚ್ಚುಕಡಿಮೆ ಹಾಗೆಯೇ. ನಿಧಾನದ ಗ್ರಹಗಳಿಗೆ ಅಲ್ಲ, ಯಾಕೆಂದರೆ ಅಯನಾಂಶವೂ ಚಲಿಸುತ್ತಿರುತ್ತದೆ, ವರ್ಷಕ್ಕೆ ಸುಮಾರು 50 ವಿಕಲೆ, ಅಂದರೆ ಒಂದು ಕಲೆಗಿಂತ ತುಸು ಕಡಿಮೆ. ಅಕ್ಕ ಹುಟ್ಟಿದಾಗ ಲಾಹಿರಿ ಅಯನಾಂಶ ಸುಮಾರು 23 ಅಂಶ 30 ಕಲೆ ಇತ್ತು, 2024ರಲ್ಲಿ 24 ಅಂಶ 11 ಕಲೆ. ನಿರಯಣದಲ್ಲಿ ಅವರ ಸೂರ್ಯ ಮಕರದ ಆರೂವರೆ ಅಂಶದಲ್ಲಿದ್ದಾನೆ. ಪ್ಲೂಟೊ ಆ ಜಾಗಕ್ಕೆ ಬರಬೇಕಾದರೆ ಸಾಯನ ಲೆಕ್ಕಕ್ಕಿಂತ ಇನ್ನೂ 41 ಕಲೆ ಮುಂದೆ, ಅಂದರೆ ಸಾಯನ ಕುಂಭದ 0 ಅಂಶ 41 ಕಲೆಗೆ ತಲುಪಬೇಕು. 2023ರಲ್ಲಿ ಅವನು 21 ಕಲೆಯಲ್ಲೇ ತಿರುಗಿದ್ದರಿಂದ ಆ ವರ್ಷ ಸ್ಪರ್ಶವೇ ಆಗುವುದಿಲ್ಲ. ನಿರಯಣದವರಿಗೆ ಸಿಗುವುದು ಮೂರೇ: 2024ರ ಫೆಬ್ರವರಿ, ಜುಲೈ ಕೊನೆ ಮತ್ತು ಡಿಸೆಂಬರ್. ಅದೇ ವ್ಯಕ್ತಿ, ಅದೇ ಆಕಾಶ, ಅದೇ ಪ್ಲೂಟೊ; ಒಬ್ಬ ಜ್ಯೋತಿಷಿ ಐದು ಎಂದರೆ ಇನ್ನೊಬ್ಬ ಮೂರು ಎನ್ನುತ್ತಾನೆ, ಇಬ್ಬರ ಗಣಿತವೂ ಸರಿ. ಎರಡನ್ನೂ ಬೆರೆಸಿ, ತನಗೆ ಹೊಂದುವ ದಿನಾಂಕವನ್ನು ಆರಿಸಿಕೊಳ್ಳುವವನನ್ನು ಮಾತ್ರ ನಾನು ನಂಬುವುದಿಲ್ಲ. ಫಲಗಳು ಬೆಳೆದದ್ದು ಸಾಯನದಲ್ಲಾದ್ದರಿಂದ ಈ ಮೂರು ಗ್ರಹಗಳಿಗೆ ನಾನು ಸಾಯನವನ್ನೇ ಬಳಸುತ್ತೇನೆ, ದಶಾಭುಕ್ತಿಗೆ ನಿರಯಣವನ್ನು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಜನ್ಮಗ್ರಹ ಚಂದ್ರನಾಗಿದ್ದರೆ ಇಷ್ಟು ನಿಖರವಾಗಿ ಮಾತಾಡಲು ಆಗುತ್ತಿರಲಿಲ್ಲ. ಚಂದ್ರ ಗಂಟೆಗೆ ಅರ್ಧ ಅಂಶ ಓಡುತ್ತಾನೆ. ಹುಟ್ಟಿದ ಹೊತ್ತಿನಲ್ಲಿ ಅರ್ಧ ಗಂಟೆ ಅನುಮಾನವಿದ್ದರೂ ಸ್ಥಾನ 15 ಕಲೆ ತಪ್ಪುತ್ತದೆ, ಐದು ಸ್ಪರ್ಶವೋ ಮೂರೋ ಎಂಬುದೇ ಅನಿಶ್ಚಿತ. ಸೂರ್ಯ ದಿನಕ್ಕೆ ಒಂದು ಅಂಶ ಮಾತ್ರ ಚಲಿಸುವುದರಿಂದ ಇಲ್ಲಿ ಬಚಾವ್.

ಫಲದ ವಿಷಯ. ಪ್ಲೂಟೊ ಸೂರ್ಯನ ಮೇಲೆ ಬಂದರೆ ಅಧಿಕಾರ, ಸ್ಥಾನಮಾನ, ತಂದೆ ಇವುಗಳಲ್ಲಿ ಹಳೆಯದು ಕಳಚಿ ಹೊಸದು ಬರುತ್ತದೆ ಎಂಬುದು ರೂಢಿಯ ಮಾತು. ನಾನು ಅದನ್ನು ಅಕ್ಕನಿಗೆ ಹೇಳಲಿಲ್ಲ. ದಿನಾಂಕಗಳ ಹಾಳೆಯನ್ನೂ ನನ್ನ ಬಳಿಯೇ ಇಟ್ಟುಕೊಂಡೆ. ಬಿಡುವಿನ ತಿಂಗಳು ಯಾವುದೆಂದು ಅವರು ಆಮೇಲೆ ಮರೆತದ್ದು ಒಳ್ಳೆಯದೇ ಆಯಿತು. ಪ್ರತಿ ತಿಂಗಳ ಕೊನೆಗೆ ಆ ತಿಂಗಳ ಮುಖ್ಯ ಸಂಗತಿಯನ್ನು ಎರಡು ಸಾಲಿನಲ್ಲಿ ಬರೆದಿಡಿ ಎಂದಷ್ಟೇ ಕೇಳಿಕೊಂಡೆ.

2025ರಲ್ಲಿ ಇಬ್ಬರೂ ಕೂತು ಎರಡನ್ನೂ ಪಕ್ಕಪಕ್ಕ ಇಟ್ಟೆವು. ಆಡಳಿತ ಮಂಡಳಿಯೊಂದಿಗೆ ಅವರ ದೊಡ್ಡ ಜಗಳ ಶುರುವಾದದ್ದು 2024ರ ಜನವರಿಯಲ್ಲಿ, ಮೂರನೆಯ ಸ್ಪರ್ಶದ ಹೊತ್ತಿಗೆ. ‘ನೋಡಿದೆಯಾ?’ ಎಂದರು ಅಕ್ಕ. ತಂದೆಯ ಸೊಂಟದ ಶಸ್ತ್ರಚಿಕಿತ್ಸೆ, ಆ ಎರಡು ವರ್ಷಗಳಲ್ಲಿ ಅವರನ್ನು ಅತಿ ಹೆಚ್ಚು ಕುಗ್ಗಿಸಿದ್ದು, ನಡೆದದ್ದು 2023ರ ಅಕ್ಟೋಬರ್‌ನಲ್ಲಿ. ಆಗ ಪ್ಲೂಟೊ ಎರಡು ಅಂಶಕ್ಕಿಂತ ದೂರವಿದ್ದ. ಸೂರ್ಯ ಪಿತೃಕಾರಕ ಎಂದು ಸಾಮಾನ್ಯವಾಗಿ ಒಪ್ಪುವಾಗ ಇದನ್ನು ನುಂಗಿಕೊಂಡು ಜಗಳವನ್ನು ಮಾತ್ರ ಎತ್ತಿ ತೋರಿಸುವುದು ನ್ಯಾಯವಲ್ಲ.

ಆಗ ಅವರಿಗೆ ಇನ್ನೊಂದು ಲೆಕ್ಕವನ್ನೂ ತೋರಿಸಿದೆ. ಪ್ರತಿ ಸ್ಪರ್ಶಕ್ಕೆ ಹಿಂದೆ ಒಂದು ತಿಂಗಳು, ಮುಂದೆ ಒಂದು ತಿಂಗಳು ಸಲುಗೆ ಕೊಟ್ಟರೆ ಐದು ಸ್ಪರ್ಶಕ್ಕೆ ಹತ್ತು ತಿಂಗಳು. ಒಟ್ಟು ಅವಧಿ 22 ತಿಂಗಳು. ಅಂದರೆ ಕಣ್ಣುಮುಚ್ಚಿ ಯಾವ ಘಟನೆಯನ್ನು ಎತ್ತಿಕೊಂಡರೂ ಅದು ಯಾವುದಾದರೂ ಸ್ಪರ್ಶದ ಹತ್ತಿರ ಬೀಳುವ ಸಂಭವ ಅರ್ಧಕ್ಕೆ ಸಮೀಪ. ಎರಡು ದೊಡ್ಡ ಘಟನೆಗಳಲ್ಲಿ ಒಂದು ಹೊಂದಿತು, ಒಂದು ಹೊಂದಲಿಲ್ಲ; ಪ್ಲೂಟೊ ಇಲ್ಲದಿದ್ದರೂ ನಿರೀಕ್ಷಿಸಬಹುದಾದ ಫಲಿತಾಂಶ ಅದೇ. ‘ಹಾಗಾದರೆ ನೀನು ಇದನ್ನೆಲ್ಲ ಯಾಕೆ ನೋಡುತ್ತೀ?’ ಎಂದು ಕೇಳಿದರು. ದಿನಚರಿಯನ್ನು ಹೀಗೆ ಕ್ರಮವಾಗಿ ತಿರುವಿ ಹಾಕಲು ಬೇರೆ ಯಾವ ನೆವವೂ ಜನರಿಗೆ ಸಿಗುವುದಿಲ್ಲ ಅಕ್ಕ, ಎಂದೆ. ಅದು ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಜನವರಿಯ ಜಗಳವನ್ನು ಅವರು ಈಗಲೂ ಪ್ಲೂಟೊವಿನ ಖಾತೆಗೇ ಬರೆಯುತ್ತಾರೆ.

ಪ್ಲೂಟೊ ಒಂದು ಸುತ್ತಿಗೆ 248 ವರ್ಷ ತೆಗೆದುಕೊಳ್ಳುವುದರಿಂದ ಅವರ ಸೂರ್ಯನ ಮೇಲೆ ಮತ್ತೆ ಬರುವ ಪ್ರಶ್ನೆಯಿಲ್ಲ. ಆ ಬಿಂದುವಿಗೆ ಆಮೇಲೆ ನಾನು ಲೆಕ್ಕಕ್ಕೆ ತೆಗೆದುಕೊಂಡದ್ದು ಯುರೇನಸ್, ಸಾಯನ ಮಿಥುನದ 0 ಅಂಶದಿಂದ, 120 ಅಂಶಗಳ ತ್ರಿಕೋಣದಲ್ಲಿ. 2025ರ ಜುಲೈ 7, ನವೆಂಬರ್ 8, 2026ರ ಏಪ್ರಿಲ್ 26, ಹೀಗೆ ಮೂರು ಸ್ಪರ್ಶ. ಗ್ರಹ ನೇರ ಮೇಲೆ ಬರುವ ಯುತಿಯಲ್ಲದ್ದರಿಂದ ಇದಕ್ಕೆ ಅರ್ಧ ಅಂಶದ ವ್ಯಾಪ್ತಿ ಮಾತ್ರ ಕೊಟ್ಟಿದ್ದೇನೆ, ಸಲುಗೆಯನ್ನೂ ಹದಿನೈದು ದಿನಕ್ಕೆ ಇಳಿಸಿದ್ದೇನೆ. ಹಾಳೆ ಈ ಬಾರಿಯೂ ನನ್ನ ಬಳಿಯೇ ಇದೆ, ತಿಂಗಳಿಗೆ ಎರಡು ಸಾಲು ಬರೆಯುವುದನ್ನು ಅಕ್ಕ ಮುಂದುವರಿಸಿದ್ದಾರೆ.